ಕೆಂಚಯ್ಯ ಕೊಟ್ಟ ಕರಡು

ಕೆಂಚಯ್ಯನವರು ಹದಿಮೂರು ವರ್ಷದ ಪರಿಚಯದಲ್ಲಿ ನನ್ನ ಹತ್ತಿರ ಕೇಳಿದ್ದು ಒಂದೇ ಒಂದು ಉಪಕಾರ. ತಾವು ಬರೆದ ಹತ್ತು ಸಾಲನ್ನು ಒಂದಕ್ಷರ ಬಿಡದೆ ಓದಿ ಕೊಡಿ ಅಂತ. ನಾನು ಕನ್ನಡ ಟೀಚರ್ರು, ಎಂ.ಎ. ಮಾಡಿದೋಳು, ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಸಂಧಿ ಸಮಾಸ ಹೇಳಿಕೊಟ್ಟೋಳು. ಓದೋದೇ ನನ್ನ ಕಸುಬು. ಆ ಹತ್ತು ಸಾಲನ್ನು ನಾನು ಏನು ಮಾಡಿದೆ ಅನ್ನೋದನ್ನು ಹೇಳಬೇಕಾದರೆ ಮೊದಲು ಅವರು ಎಂಥವರು ಅಂತ ಹೇಳಬೇಕು.

ಪೇಟೆ ಬೀದಿಯಲ್ಲಿ ಅಪ್ಪಾಜಿಯವರ ಪ್ರೆಸ್ ಇತ್ತು. ಮದುವೆ ಕಾಗದ, ಸಹಕಾರ ಸಂಘದ ವರದಿ, ರಾಜ್ಯೋತ್ಸವದ ಸ್ಮರಣ ಸಂಚಿಕೆ, ಎಲ್ಲಾ ಅಲ್ಲೇ. ಕೆಂಚಯ್ಯನವರು ಅಲ್ಲಿ ಅಚ್ಚಿನ ಮೊಳೆ ಜೋಡಿಸೋರು. ಮನೆ ಹೇಮಾವತಿಯ ಆಚೆ ದಡದ ಹಳ್ಳಿ, ಸೈಕಲ್ಲಿನಲ್ಲಿ ಸೇತುವೆ ದಾಟಿ ಬರೋರು. ಓದಿದ್ದು ನಾಲ್ಕನೇ ಕ್ಲಾಸು. ಊರಿನ ಶಾಲೆಯಲ್ಲಿ ಅವರನ್ನು ಬಾಗಿಲ ಹತ್ತಿರವೇ ಕೂರಿಸುತ್ತಿದ್ದರಂತೆ, ಬೋರ್ಡು ಸರಿಯಾಗಿ ಕಾಣುತ್ತಿರಲಿಲ್ಲವಂತೆ. ಅದನ್ನು ಅವರು ಒಂದೇ ಸಲ ಹೇಳಿದ್ದು, ಅದೂ ಮೊಳೆ ಒರೆಸುತ್ತಾ, ಬೇರೆ ಯಾರದೋ ಕತೆ ಹೇಳಿದ ಹಾಗೆ. ಕನ್ನಡ ಅವರಿಗೆ ನಿಜವಾಗಿ ಬಂದದ್ದು ಸೀಸದ ಅಕ್ಷರಗಳನ್ನು ಮುಟ್ಟಿ ಮುಟ್ಟಿ.

ನಮ್ಮ ಮೊದಲ ಭೇಟಿ ತೊಂಬತ್ತನಾಲ್ಕರಲ್ಲಿ, ಜಗಳದಲ್ಲಿ. ತಾಲ್ಲೂಕು ಕವಿಗೋಷ್ಠಿಯಲ್ಲಿ ಓದೋಕೆ ನಾನೊಂದು ಕವನ ಬರೆದಿದ್ದೆ, ಸಂಚಿಕೆಯಲ್ಲಿ ಅಚ್ಚಾಗಬೇಕಿತ್ತು. ಕರಡು ನೋಡೋಣ ಅಂತ ಪ್ರೆಸ್ಸಿಗೆ ಹೋದರೆ ಹಸಿ ಮಸಿಯ ಹಾಳೆಯ ಅಂಚಿನಲ್ಲಿ ಪೆನ್ಸಿಲ್ ಗುರುತು. ನಾನು ಬರೆದ ‘ಉಜ್ವಲ’ಕ್ಕೆ ಗೆರೆ ಹೊಡೆದು ‘ಉಜ್ಜ್ವಲ’ ಅಂತಿದೆ. ‘ಜಗಜನನಿ’ಗೆ ಗೆರೆ ಹೊಡೆದು ‘ಜಗಜ್ಜನನಿ’ ಅಂತಿದೆ. ಯಾರ್ರೀ ಇದನ್ನ ಮುಟ್ಟಿದ್ದು ಅಂತ ಕೇಳಿದೆ. ಅಪ್ಪಾಜಿಯವರು ಕಣ್ಣಲ್ಲೇ ಮೂಲೆಗೆ ತೋರಿಸಿದರು. ಅಲ್ಲಿ ಬನಿಯನ್ ಹಾಕಿ, ಮಸಿಯ ಪಂಚೆ ಉಟ್ಟುಕೊಂಡು ಒಬ್ಬರು ಮೊಳೆ ತುಂಬಿದ ಮರದ ಕೇಸಿನ ಮುಂದೆ ನಿಂತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಮೊಳೆ ಜೋಡಿಸೋರು ನನ್ನ ಕವನ ತಿದ್ದೋದೇ? ಬರೆದದ್ದು ಬರೆದ ಹಾಗೇ ಬರಲಿ ಅಂತ ಜೋರು ಮಾಡಿದೆ.

ಅವರು ಮೊಳೆ ಜೋಡಿಸೋ ಸ್ಟಿಕ್ಕು ಕೆಳಗಿಟ್ಟು ಹತ್ತಿರ ಬಂದು, ‘ಬುಡ್ಸಿ ನೋಡಿ ಮೇಡಮ್ಮೋರೆ,’ ಅಂದರು. ‘ಜಗತ್ತು, ಜನನಿ. ಎರಡೂ ಕೂಡ್ಕಂಡಾಗ ಮದ್ಲಿನ ತಕಾರ ಎಲ್ಲೋಯ್ತು? ಅದು ಜಕಾರ ಆಗಿ ಕುಂತದೆ. ಬುಟ್ರೆ ಸಾಲು ಕುಂಟ್ತದೆ.’

‘ಸತ್’, ‘ಜನ’ ಸೇರಿ ‘ಸಜ್ಜನ’ ಅಂತ ಅದೇ ವಾರ ಒಂಬತ್ತನೇ ಕ್ಲಾಸಿಗೆ ಪಾಠ ಮಾಡಿದ್ದೆ ನಾನು. ಆದರೂ ಒಪ್ಪಲಿಲ್ಲ, ದುರುದುರು ನೋಡಿಕೊಂಡು ಮನೆಗೆ ಬಂದೆ. ನಿಘಂಟು ತೆಗೆದೆ. ಉಜ್ಜ್ವಲ, ಎರಡು ಜಕಾರ, ಆಮೇಲೆ ವಕಾರ. ಅವರು ಹೇಳಿದ್ದೇ ಸರಿ. ಕವನವನ್ನು ಬಾಯಿ ಬಿಟ್ಟು ಓದಿದೆ, ಕುಂಟುತ್ತಿದ್ದ ಸಾಲು ಆ ಒಂದು ಒತ್ತಿನಿಂದ ನೆಟ್ಟಗೆ ನಿಂತಿತು. ಮಾರನೇ ದಿನ ಮುಖ ಚಿಕ್ಕದು ಮಾಡಿಕೊಂಡು ಪ್ರೆಸ್ಸಿಗೆ ಹೋದೆ. ಅಚ್ಚಾಗಿಬಿಟ್ಟಿರುತ್ತೆ ಅಂದುಕೊಂಡಿದ್ದೆ. ಆಗಿರಲಿಲ್ಲ. ನೀವು ಬಂದೇ ಬತ್ತೀರ ಅಂತ ತಡೆದಿಟ್ಟಿದ್ದೆ ಅಂದರು.

ಆಗ ನಾನು, ಇರೋ ತಪ್ಪೆಲ್ಲ ತೋರಿಸಿ, ಮೂರನೇ ಸಾಲು ಚೆನ್ನಾಗಿಲ್ಲ ಅನಿಸಿದರೆ ಅದನ್ನೂ ಬದಲಾಯಿಸಿಬಿಡಿ ಅಂದೆ. ಕೆಂಚಯ್ಯನವರು ಆಗಲ್ಲ ಅಂತ ತಲೆಯಾಡಿಸಿದರು. ‘ಒತ್ತು ನೋಡೋದು ನನ್ ಕೆಲ್ಸ. ಸಾಲು ನಿಮ್ದು. ತಿದ್ದೋನು ಸಾಲಿಗೆ ಕೈ ಆಕ್ಬಾರ್ದು.’

ಅಲ್ಲಿಂದ ಶುರುವಾಯಿತು ನಮ್ಮ ಸ್ನೇಹ. ನನ್ನ ಕವನ, ನನ್ನ ಶಾಲೆಯ ಮಕ್ಕಳ ಕವನ, ಅರಕಲಗೂಡಿನ ಸ್ನೇಹಿತರ ಕವನ, ಯಾವುದೇ ಇರಲಿ, ವೇದಿಕೆ ಹತ್ತೋಕೆ ಮುಂಚೆ ಕೆಂಚಯ್ಯನವರ ಕಣ್ಣ ಕೆಳಗೆ ಹಾಯಬೇಕಿತ್ತು. ಅವರು ಕರಡು ನೋಡೋ ರೀತಿಯೇ ಬೇರೆ. ಮೊದಲ ಸಲ ಕೊನೇ ಸಾಲಿನಿಂದ ಮೇಲಕ್ಕೆ ಓದೋರು. ಮೇಲಿನಿಂದ ಓದಿದರೆ ಅರ್ಥ ಕೈ ಹಿಡಿದು ಎಳಕೊಂಡು ಹೋಗುತ್ತೆ, ಕಣ್ಣು ತಪ್ಪನ್ನು ಹಾರಿಬಿಡುತ್ತೆ, ಕೆಳಗಿನಿಂದ ಹೋದರೆ ಅಕ್ಷರ ಅಕ್ಷರವಾಗೇ ಕಾಣುತ್ತೆ ಅನ್ನೋರು. ಎರಡನೇ ಸಲ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋರು. ಒಬ್ಬರು ಕೈಬರಹ ಹಿಡಿದು ಬಿಡಿಸಿ ಹೇಳಬೇಕು, ‘ಚ ಗುಡಿಸು ಚಿ, ಹಕಾರಕ್ಕೆ ನ ಒತ್ತು’ ಅಂತ, ಇವರು ಅಚ್ಚಿನ ಮೇಲೆ ಬೆರಳಿಟ್ಟು ಹೋಗೋರು. ಚಿಹ್ನೆ, ಆಹ್ವಾನ, ಮಧ್ಯಾಹ್ನ, ಈ ಹಕಾರದ ಒತ್ತುಗಳನ್ನು ಜನ ಹಿಂದುಮುಂದು ಮಾಡೋದೇ ಹೆಚ್ಚು. ಮಾತಿನಲ್ಲಿ ಹಕಾರವನ್ನೇ ನುಂಗೋ ಮನುಷ್ಯ, ಅಚ್ಚಿನಲ್ಲಿ ಅದನ್ನು ಅಲ್ಲಾಡೋಕೆ ಬಿಡುತ್ತಿರಲಿಲ್ಲ. ಮೂರನೇ ಸಲ ಕೂಡಿದ ಮಾತುಗಳನ್ನೆಲ್ಲ ಬಿಡಿಸಿ, ಮತ್ತೆ ಕೂಡಿಸಿ, ಬಾಯಲ್ಲಿ ಅಂದು ನೋಡೋರು.

ಇದರ ಮೇಲೆ ಎರಡು ಕಟ್ಟಳೆ. ಒಂದು, ಬರೆದೋರು ತಾವೇ ತಮ್ಮ ಕರಡು ನೋಡಕೂಡದು, ಇಲ್ಲದೇ ಇರೋ ಒತ್ತನ್ನೂ ಅವರ ಕಣ್ಣು ಇದೆ ಅಂತ ಓದಿಬಿಡುತ್ತೆ. ಎರಡು, ಓದಿದೋರು ಹಾಳೆಯ ಕೆಳಗೆ ‘ಓದಿದೆ’ ಅಂತ ಬರೆದು ಹೆಸರು, ತಾರೀಖು ಹಾಕಬೇಕು. ಆ ಮಾತು ಇಲ್ಲದ ಹಾಳೆಗೆ ಕೆಂಚಯ್ಯನವರು ಮಸಿ ತಾಕಿಸುತ್ತಿರಲಿಲ್ಲ. ಒಂದು ಸಲ ತಾಲ್ಲೂಕು ಆಫೀಸಿನ ದೊಡ್ಡ ಸಾಹೇಬರ ಕವನವನ್ನೇ ಎರಡು ದಿನ ನಿಲ್ಲಿಸಿದ್ದರು. ಅಪ್ಪಾಜಿಯವರು ಕೈಕೈ ಹಿಸುಕಿಕೊಂಡರೂ ಜಗ್ಗಲಿಲ್ಲ.

ಅವರ ಪಕ್ಕ ಕೂತು ಬಿಡಿಸಿ ಹೇಳುತ್ತಿದ್ದೋರು ಅವರ ಹೆಂಡತಿ ಲಕ್ಷ್ಮಿದೇವಮ್ಮ. ಕೊಣನೂರಿನ ಕಡೆಯ ಹೆಣ್ಣು, ಶಾಲೆಯ ಮೆಟ್ಟಿಲು ಹತ್ತಿದೋರಲ್ಲ. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಕೇಸಿನೊಳಗೆ ಅವುಗಳ ಮನೆಗೆ ವಾಪಸ್ಸು ಹಾಕೋ ಕೆಲಸಕ್ಕೆ ಬರುತ್ತಿದ್ದರು. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತೆ. ಗಂಡ ಒಂದೊಂದೇ ತೋರಿಸಿ ಹೇಳುತ್ತಾ ಹೋದರು, ಆಯಮ್ಮ ತಿರುಗಿದ ಅಕ್ಷರದಲ್ಲೇ ಓದು ಕಲಿತುಬಿಟ್ಟರು. ನೇರ ಅಕ್ಷರ ಓದೋಕೆ ಆಮೇಲೆ ಒಂದು ವರ್ಷ ಹಿಡಿಯಿತಂತೆ. ಕೊನೆ ಕೊನೆಗೆ ಕೆಂಚಯ್ಯನವರ ಬೆರಳು ಹಾರಿದ ಕಡೆ ಆಯಮ್ಮನ ಬೆರಳು ಹೋಗಿ ನಿಲ್ಲುತ್ತಿತ್ತು. ಮಾತಿಲ್ಲ, ಕತೆಯಿಲ್ಲ, ಬೆರಳು ಅಷ್ಟೆ.

ಇಷ್ಟೆಲ್ಲ ಆದಮೇಲೂ ಪ್ರತಿ ವರ್ಷದ ಸಂಚಿಕೆಯ ಎರಡನೇ ಪುಟದಲ್ಲಿ ‘ಕರಡು ತಿದ್ದಿದವರು: ಶ್ರೀಮತಿ ಹಂಸ, ಎಂ.ಎ.’ ಅಂತ ನನ್ನ ಹೆಸರೇ ಬರುತ್ತಿತ್ತು. ಒಂದೆರಡು ಸಲ, ನಿಮ್ಮ ಹೆಸರೂ ಹಾಕಿಸ್ತೀನಿ ಅಂದೆ. ಬ್ಯಾಡಿ ಬುಡಿ ಅಂದರು. ನಾನು ಬಿಟ್ಟೆ. ಅವರು ಬೇಡ ಅಂದಿದ್ದು ಸಂಕೋಚಕ್ಕೆ, ನಾನು ಬಿಟ್ಟಿದ್ದು ನನಗೆ ಅದು ಬೇಕಿತ್ತು ಅಂತ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ, ಆಗ ಆಗಲಿಲ್ಲ.

ಎರಡು ಸಾವಿರದ ಎರಡರ ಹೊತ್ತಿಗೆ ಮೊಳೆಗಳ ಕಾಲ ಮುಗಿಯಿತು. ಅಪ್ಪಾಜಿಯವರ ಅಳಿಯ ಮಂಜುನಾಥ ಕಂಪ್ಯೂಟರ್ ತಂದ. ಸೀಸ ಗುಜರಿಗೆ ಹೋಯಿತು. ಕೆಂಚಯ್ಯನವರನ್ನು ಕರಡು ನೋಡೋಕೆ ಅಂತ ಉಳಿಸಿಕೊಂಡರು. ಹೊಸ ಯಂತ್ರಕ್ಕೆ ಹೊಸ ತಪ್ಪು. ಮೊಳೆಯ ಕಾಲದಲ್ಲಿ ಒತ್ತು ಒಂದು ಚೂರು ಸೀಸ, ಕೈಯಿಂದ ಇಟ್ಟರೆ ಇತ್ತು, ಬಿಟ್ಟರೆ ಇಲ್ಲ. ಈಗ ಅಕ್ಷರ ಅಕ್ಷರದ ನಡುವೆ ಒಂದು ಕೀ ಒತ್ತಿದರೆ ಮಾತ್ರ ಎರಡೂ ಕೂಡುತ್ತವೆ. ಅವಸರದಲ್ಲಿ ಮೂರು ಕೂಡಬೇಕಾದ ಕಡೆ ಎರಡೇ ಕೂಡಿ, ಮೂರನೆಯದು ಬಿದ್ದೇ ಹೋಗೋದುಂಟು. ಕೆಂಚಯ್ಯನವರು ಕನ್ನಡಕ ಒರೆಸಿಕೊಂಡು ಅವನ್ನೆಲ್ಲ ಹೆಕ್ಕೋರು.

ಎರಡು ಸಾವಿರದ ಆರರ ಮಳೆಗಾಲದಲ್ಲಿ ಲಕ್ಷ್ಮಿದೇವಮ್ಮ ತೀರಿಕೊಂಡರು. ಮೂತ್ರಪಿಂಡದ ತೊಂದರೆ, ಹಾಸನದ ಆಸ್ಪತ್ರೆಯಲ್ಲಿ ಹದಿನೈದು ದಿನ. ಕೆಂಚಯ್ಯನವರು ಒಂದು ತಿಂಗಳು ಪ್ರೆಸ್ಸಿಗೆ ಬರಲಿಲ್ಲ. ಬಂದಮೇಲೂ ಎರಡನೇ ಓದಿಗೆ ಯಾರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ಒಬ್ಬರೇ ಬಾಯಲ್ಲಿ ಅನ್ನೋರು, ಒಬ್ಬರೇ ಬೆರಳಿಡೋರು. ನಾನು ಎಷ್ಟೋ ಸಲ ನೋಡಿದ್ದೀನಿ, ಬೆರಳು ಸಾಲಿನ ಮಧ್ಯೆ ನಿಂತು, ಪಕ್ಕದಿಂದ ಇನ್ನೊಂದು ಬೆರಳು ಬರುತ್ತೇನೋ ಅಂತ ಕಾಯುತ್ತಿತ್ತು.

ಮಾರನೇ ವರ್ಷ, ಆಯಮ್ಮನ ವರ್ಷದ ನೆನಪಿಗೆ ಎರಡು ವಾರ ಮುಂಚೆ, ಅವರು ನಮ್ಮ ಶಾಲೆಗೇ ಬಂದರು. ಇಸ್ತ್ರಿ ಅಂಗಿ ಹಾಕಿದ್ದರು. ಕೈಯಲ್ಲೊಂದು ಲಕೋಟೆ. ಲಕ್ಷ್ಮಿಯ ಮೇಲೆ ಒಂದು ಪದ್ಯ ಬರೆದಿದ್ದೀನಿ, ಕಾರ್ಡು ಮಾಡಿಸಿ ಬಂದೋರಿಗೆ ಕೊಡೋಣ ಅಂತ, ಮಂಜುನಾಥ ಕಂಪ್ಯೂಟರಿನಲ್ಲಿ ಹೊಡೆದು ಕೊಟ್ಟವ್ನೆ, ಕರಡು ಕೈಬರಹ ಎರಡೂ ಇದರಲ್ಲಿ ಅವೆ ಅಂದರು. ಮೊದಲನೇ ಸಲ ಬರೆದದ್ದಂತೆ. ಹೇಳುವಾಗ ಕಿವಿ ಕೆಂಪಗಾಗಿತ್ತು.

‘ನಂದು ನಾನು ನೋಡಂಗಿಲ್ಲ, ನಿಮ್ಗೆ ಗೊತ್ತಲ್ಲ,’ ಅಂದರು. ‘ಲಕ್ಷ್ಮಿ ಇದ್ದಿದ್ರೆ ಅವ್ಳು ನೋಡ್ತಿದ್ಲು. ಈಗ ನೀವೇ. ಒಂದಕ್ಸರ ಬುಡ್ದೆ ಓದ್ಬುಡಿ ಮೇಡಮ್ಮೋರೆ.’

ಖಂಡಿತ ಅಂದೆ. ಲಕೋಟೆಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿದೆ. ಅದು ಅಲ್ಲೇ ಐದು ದಿನ ಇತ್ತು.

ಯಾಕೆ ಓದಲಿಲ್ಲ ಅಂತ ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೀನೋ. ಕಿರುಪರೀಕ್ಷೆಯ ಪೇಪರುಗಳ ಕಟ್ಟು ಇತ್ತು, ನಿಜ. ಸತ್ತೋರ ಮೇಲಿನ ಪದ್ಯ, ಮನಸ್ಸು ಭಾರವಾಗುತ್ತೆ, ಆಮೇಲೆ ನೋಡಿದರಾಯಿತು ಅಂತ ಮುಂದೂಡಿದ್ದೂ ನಿಜ. ಕೆಂಚಯ್ಯನವರ ಕೈಯಲ್ಲಿ ತಪ್ಪು ಬರೋದುಂಟಾ ಅನ್ನೋ ಗೌರವವೂ ಇತ್ತು. ಆದರೆ ಈ ಗೌರವದ ಅಡಿಯಲ್ಲಿ ಇನ್ನೊಂದಿತ್ತು, ಅದನ್ನೂ ಹೇಳಿಬಿಡ್ತೀನಿ. ತಿದ್ದೋ ಮನುಷ್ಯ, ಪಾಪ, ಏನು ಪದ್ಯ ಬರೆದಾನು ಅಂತ ನನ್ನೊಳಗಿನ ಎಂ.ಎ. ಅಂದುಕೊಂಡಿತ್ತು. ಹದಿಮೂರು ವರ್ಷದ ಹಿಂದೆ ಪ್ರೆಸ್ಸಿನಲ್ಲಿ ಜೋರು ಮಾಡಿದ ಆ ಹೆಂಗಸು ಎಲ್ಲಿಗೂ ಹೋಗಿರಲಿಲ್ಲ.

ಆರನೇ ದಿನ ಮಧ್ಯಾಹ್ನ ಅವರು ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಬೆಲ್ಲು ಹೊಡೆದಿತ್ತು, ನಾನು ಕ್ಲಾಸಿಗೆ ಹೊರಟಿದ್ದೆ. ಲಕೋಟೆ ತೆಗೆದೆ, ಹಾಳೆ ಬಿಡಿಸಿದೆ, ಮೊದಲ ಸಾಲಿನ ಮೇಲೆ ಕಣ್ಣಾಡಿಸಿದೆ. ಕೆಳಗೆ ‘ಓದಿದೆ’ ಅಂತ ಬರೆದು, ಹಂಸ ಅಂತ ಹಾಕಿ, ತಾರೀಖು ಹಾಕಿದೆ. 

ಎಂಗದೆ ಅಂತ ಕೇಳಿದರು. ಚೆನ್ನಾಗಿದೆ, ನಿಮ್ಮ ಬರಹದಲ್ಲಿ ತಪ್ಪು ಹುಡುಕೋಕೆ ನಾನ್ಯಾರು ಕೆಂಚಯ್ಯನೋರೆ ಅಂದೆ. ಅವರು ಹಾಳೆಯನ್ನು ತಗೊಂಡು ಕೆಳಗಿನ ಆ ಒಂದು ಮಾತನ್ನು ನೋಡಿದರು. ಆಮೇಲೆ ನನ್ನ ಕಡೆ ನೋಡಿ ಕೈ ಮುಗಿದರು. ಅವರು ಹಾಗೆ ಎರಡೂ ಕೈ ಎತ್ತಿ ಮುಗಿದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಾನು ಕ್ಲಾಸಿಗೆ ಹೋದೆ.

ವರ್ಷದ ನೆನಪಿನ ದಿನ ಭಾನುವಾರ. ನಾನು ಸೇತುವೆ ದಾಟಿ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಬುದ್ಧನ ಪಟ, ಅಂಬೇಡ್ಕರರ ಪಟ, ಅವುಗಳ ಕೆಳಗೆ ಲಕ್ಷ್ಮಿದೇವಮ್ಮನ ಫೋಟೋ, ಸೇವಂತಿಗೆ ಹಾರ. ಮೂವತ್ತು ಜನ ಇದ್ದಿರಬಹುದು. ಅಪ್ಪಾಜಿಯವರೂ ಮಂಜುನಾಥನೂ ಬಂದಿದ್ದರು. ಬುದ್ಧವಂದನೆ ಮುಗಿದ ಮೇಲೆ ಎಲ್ಲರ ಕೈಗೂ ಒಂದೊಂದು ಕಾರ್ಡು ಕೊಟ್ಟರು. ಮಗಳು ರಂಜಿನಿ, ಚನ್ನರಾಯಪಟ್ಟಣದಲ್ಲಿ ನರ್ಸು, ಎದ್ದು ನಿಂತು ಅಪ್ಪ ಬರೆದದ್ದನ್ನು ಓದೋಕೆ ಶುರು ಮಾಡಿದಳು.

ತಿರುಗಿದ ಮೊಳೆಯಲ್ಲೇ ಓದು ಕಲಿತವಳೆ, ಅಂತ ಶುರುವಾಗಿತ್ತು. ಮಸಿ ಮೆತ್ತಿದ ಬೆರಳಲ್ಲೇ ತುತ್ತು ಕೊಟ್ಟವಳೆ. ನನ್ನ ಬೆರಳು ಹಾರಿದ ಕಡೆ ನಿಂತವಳೆ.  ಇದು ಪದ್ಯವೇ ಆಗಿತ್ತು. ವೇದಿಕೆ ಮೇಲೆ ಇಷ್ಟು ವರ್ಷ ನಾನು ಓದಿದ ಯಾವುದರಲ್ಲೂ ಇಂಥ ಒಂದು ಸಾಲಿರಲಿಲ್ಲ. ಕಾರ್ಡನ್ನು ಕಣ್ಣ ಹತ್ತಿರ ತಂದೆ. ನಾಲ್ಕನೇ ಸಾಲಿನಲ್ಲಿ ‘ಮಳೆಕಾಲ’ ಅಂತ ಅಚ್ಚಾಗಿತ್ತು. ಮಳೆಗಾಲ ಆಗಬೇಕು, ಆದೇಶ ಸಂಧಿ, ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು.  ಅಷ್ಟರಲ್ಲಿ ರಂಜಿನಿ ಮುಂದಿನ ಸಾಲುಗಳಿಗೆ ಬಂದಿದ್ದಳು.

ನನ್ನ ತಪ್ಪು ತೋರುವ ಬೆರಳು ಮನೆಯಲ್ಲಿಲ್ಲ.
ಹೊಳೆಯಾಚೆ ಒಬ್ಬರಿದ್ದಾರೆ, ಒಂದಕ್ಷರ ಬಿಡದೆ ಓದುವವರು.
ಅವರ ಕಣ್ಣಿದೆ ನನಗೆ, ನೀನು ಚಿಂತಿಸಬೇಡ.

ಅಲ್ಲಿ ಕೂತಿದ್ದೋರೆಲ್ಲ ನನ್ನ ಕಡೆ ತಿರುಗಿದರು. ಯಾರೋ ಅಜ್ಜಿ ನನ್ನ ತೋಳು ಸವರಿದಳು. ನಾನು ತಲೆ ಎತ್ತಿದಾಗ ಎದುರಿಗೆ ಕೆಂಚಯ್ಯನವರು ನನ್ನ ಮುಖವನ್ನೇ ನೋಡುತ್ತಿದ್ದರು. ಆ ಸಾಲನ್ನು ನಾನು ಮೊದಲ ಸಲ ಕೇಳುತ್ತಿದ್ದೀನಿ ಅಂತ ಅವರಿಗೆ ತಿಳಿದುಹೋಯಿತು. ಅಚ್ಚಿನಲ್ಲಿ ‘ಹೊಳೆಆಚೆ’ ಅಂತ ಎರಡು ಸ್ವರ ಬಾಯಿ ಬಿಟ್ಟುಕೊಂಡು ಪಕ್ಕಪಕ್ಕ ನಿಂತಿದ್ದವು, ರಂಜಿನಿ ಸರಿಮಾಡಿಕೊಂಡು ಓದಿದ್ದಳು. ಕೊನೇ ಸಾಲಿಗೆ ಬಂದಾಗ ಅವಳು ತಡವರಿಸಿದಳು. ಅಮ್ಮನ ಹೆಸರು ಅದು. ಲಕ್ಷ್ಮಿದೇವಮ್ಮ ಅಂತಲೇ ಓದಿದಳು, ಆದರೆ ನನ್ನ ಕೈಯ ಕಾರ್ಡಿನಲ್ಲಿ ಇದ್ದದ್ದು ‘ಲಕ್ಷಿದೇವಮ್ಮ’. ಕಕಾರ, ಷಕಾರ ಕೂಡಿದ್ದವು. ಮಕಾರ ಬಿದ್ದುಹೋಗಿತ್ತು. ಮೂವತ್ತು ಜನರ ಕೈಯಲ್ಲಿ ಆ ಹೆಂಗಸಿನ ಹೆಸರೇ ತಪ್ಪಾಗಿ ಕೂತಿತ್ತು, ನಾನು ಓದಿದೆ ಅಂತ ಬರೆದುಕೊಟ್ಟಿದ್ದೆ.

ಊಟ ಆಯಿತು. ಜನ ಕರಗೋವರೆಗೂ ಜಗುಲಿಯ ಮೇಲೆ ಕೂತಿದ್ದೆ. ಕೆಂಚಯ್ಯನವರು ಬಂದು ಕಂಬಕ್ಕೆ ಒರಗಿ ಕೂತರು. ನಾನು ಓದಲಿಲ್ಲ ಕೆಂಚಯ್ಯನೋರೆ, ಓದದೆಯೇ ಬರೆದುಕೊಟ್ಟೆ ಅಂದೆ. ಅತ್ತೆ. ಕಾರ್ಡುಗಳನ್ನೆಲ್ಲ ವಾಪಸ್ಸು ತಗೊಂಡು ಹೊಸದು ಹಾಕಿಸ್ತೀನಿ ಅಂದೆ.

ಅವರು ಹೊಳೆಯ ಕಡೆ ನೋಡುತ್ತಾ, ‘ಒತ್ತು ಬಿದ್ದೋಗದು ಇದ್ದಿದ್ದೇ,’ ಅಂದರು. ‘ಮಳೆಕಾಲ ಅಂತ ಬರ್ದೋನು ನಾನೇ, ಕೈಬರದಲ್ಲೇ ಅಂಗದೆ. ಅದಕ್ಕಲ್ಲ. ಒಂದು ವಾರ ನಾನು, ನಾನ್ ಬರ್ದಿದ್ನ ಒಬ್ರು ಓದವ್ರೆ ಅಂತ ಓಡಾಡ್ತಿದ್ದೆ.’

 ಅವರು ಬೈಯಲಿಲ್ಲ, ಸಮಾಧಾನವೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ ಒಂದು ಕಾರ್ಡು, ಕೈಬರಹದ ಹಾಳೆ, ಪೆನ್ಸಿಲ್ ತಂದರು. ಕಾರ್ಡು ಪೆನ್ಸಿಲ್ ನನ್ನ ಮುಂದಿಟ್ಟು, ಹಾಳೆಯನ್ನು ತಾವು ಹಿಡಿದು ಪಕ್ಕದಲ್ಲಿ ಕೂತರು. ಮೊದಲ ಓದು ನಾನೊಬ್ಬಳೇ, ಕೊನೇ ಸಾಲಿನಿಂದ ಮೇಲಕ್ಕೆ. ಎರಡನೇ ಓದಿಗೆ ಅವರು ಬಿಡಿಸಿ ಹೇಳುತ್ತಾ ಹೋದರು, ನಾನು ಬೆರಳಿಡುತ್ತಾ ಹೋದೆ. ‘ಲ, ಕಕಾರಕ್ಕೆ ಷ ಒತ್ತು, ಅದಕ್ಕೆ ಮ ಒತ್ತು, ಗುಡಿಸು,’ ಅಂದರು. ಹೆಂಡತಿಯ ಹೆಸರನ್ನು ಹಾಗೆ ಬಿಡಿಬಿಡಿಯಾಗಿ ಹೇಳುವಾಗ ಅವರ ದನಿ ಅಲ್ಲಾಡಲಿಲ್ಲ. ನನ್ನ ಬೆರಳು ಆ ಹೆಸರಿನ ಮೇಲೆ ನಿಂತಿತು. ಬಿದ್ದುಹೋಗಿದ್ದ ಮಕಾರವನ್ನು ಅಂಚಿನಲ್ಲಿ ಬರೆದೆ. ಮಳೆಗಾಲಕ್ಕೆ ಗಕಾರ ಕೊಟ್ಟೆ. ಹೊಳೆಯಾಚೆಗೆ ಯಕಾರ ಕೊಟ್ಟೆ.

ಆ ಸಾಲಿನಲ್ಲೇ ನಾನು ನಿಂತುಬಿಟ್ಟೆ. ಒಂದಕ್ಷರ ಬಿಡದೆ ಓದುವವರು. ಈ ಸಾಲು ಬೇಡ, ಇದು ಸುಳ್ಳು, ಹೊಸ ಕಾರ್ಡಿನಲ್ಲಿ ಇದನ್ನು ತೆಗೆದುಬಿಡಿ ಅಂತ ಕೇಳಿಕೊಂಡೆ. ಪೆನ್ಸಿಲ್ಲನ್ನು ಅದರ ಮೇಲೆ ಇಟ್ಟೂ ಇದ್ದೆ.

ಕೆಂಚಯ್ಯನವರು ನನ್ನ ಕೈ ಹಿಡಿಯಲಿಲ್ಲ, ಪೆನ್ಸಿಲ್ಲಿನ ತುದಿಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದರು.

‘ನೀವು ಒತ್ತು ನೋಡಿ ಮೇಡಮ್ಮೋರೆ. ಸಾಲು ನಂದು.’

ಮೂರನೇ ಓದೂ ಮುಗಿಸಿದೆವು. ಕೂಡಿದ ಮಾತನ್ನೆಲ್ಲ ಬಿಡಿಸಿ, ಮತ್ತೆ ಕೂಡಿಸಿ, ಇಬ್ಬರೂ ಬಾಯಲ್ಲಿ ಅಂದು ನೋಡಿದೆವು. ಮುಗಿದ ಮೇಲೆ ಅವರು ಕಾರ್ಡಿನ ಕೆಳಗಿನ ಖಾಲಿ ಜಾಗಕ್ಕೆ ಬೆರಳಿಟ್ಟು ಕಾದರು. ನಾನು ‘ಓದಿದೆ’ ಅಂತ ಬರೆದು, ಹೆಸರು ಹಾಕಿ, ಅವತ್ತಿನ ತಾರೀಖು ಹಾಕಿದೆ.